ಮನ್ನಾ ಬೇರೆ, ತಿದ್ದುಪಡಿ ಬೇರೆ

ಕಚೇರಿಯ ಬಾಗಿಲಲ್ಲಿ ಬೆರಳಚ್ಚಿನ ಯಂತ್ರವಿರಬೇಕೇ ಬೇಡವೇ ಎಂಬ ವಾದವು ಈಗ ಮುಗಿದಂತೆಯೇ ಸರಿ. ಆಧಾರ್ ಸಂಖ್ಯೆಯ ಬಲದಿಂದ ನಡೆಯುವ ಬಯೋಮೆಟ್ರಿಕ್ ಹಾಜರಿ ಪದ್ಧತಿಯನ್ನು ಕೇಂದ್ರ ಸರ್ಕಾರವು 2014ರಲ್ಲಿ ತನ್ನ ಕಚೇರಿಗಳಲ್ಲಿ ಆರಂಭಿಸಿತು. ಒಡಿಶಾದ ಮಹಾಲೇಖಪಾಲರ ಕಚೇರಿಯ ನೌಕರರು ತಮ್ಮನ್ನು ಕೇಳದೆಯೇ ಯಂತ್ರವನ್ನು ಇಟ್ಟರೆಂದು ನ್ಯಾಯಾಲಯಕ್ಕೆ ಹೋದಾಗ, ಮುಂಚಿತವಾಗಿ ಸಮಾಲೋಚನೆ ನಡೆಯಲಿಲ್ಲವೆಂಬ ಮಾತ್ರಕ್ಕೆ ಆ ಪದ್ಧತಿಯು ಕಾನೂನಿಗೆ ವಿರುದ್ಧವಾಗದೆಂದು ಸುಪ್ರೀಂ ಕೋರ್ಟು 2025ರಲ್ಲಿ ತೀರ್ಪಿತ್ತಿತು. ಇನ್ನುಳಿದಿರುವುದು ಯಂತ್ರದ ಪ್ರಶ್ನೆಯಲ್ಲ, ಯಂತ್ರದ ಹಿಂದಿರುವ ನಿಯಮದ ಪ್ರಶ್ನೆ. ಯಂತ್ರವು ಹೊತ್ತನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಆ ಹೊತ್ತಿನಿಂದ ಒಬ್ಬ ನೌಕರನ ರಜೆಯು ಹೋಗಬೇಕೇ ಉಳಿಯಬೇಕೇ ಎಂಬುದನ್ನು ನಿರ್ಣಯಿಸುವುದು ಕಚೇರಿಯ ಮುಖ್ಯಸ್ಥರು ಸಹಿ ಮಾಡಿ ಹಲಗೆಗೆ ಅಂಟಿಸುವ ಒಂದು ಪುಟದ ಸೂಚನಾಪತ್ರ. ಆ ಪತ್ರದಲ್ಲಿ ಏನಿರಬೇಕೆಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಇಂದಿನ ಉದ್ದೇಶ.

ಮೊದಲು ಕೇಂದ್ರ ಸರ್ಕಾರದ ನಿಯಮವನ್ನೇ ನೋಡೋಣ. ಬೆಂಗಳೂರಿನಲ್ಲಿಯೂ ಕೇಂದ್ರದ ಕಚೇರಿಗಳು ಅನೇಕವಿದ್ದು, ನಮ್ಮ ವಾಚಕರಲ್ಲಿ ಹಲವರು ಈ ನಿಯಮದ ಕೆಳಗೇ ಬಾಳುತ್ತಿದ್ದಾರೆ. ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಆಜ್ಞೆಯಂತೆ, ತಡವಾಗಿ ಬಂದ ಪ್ರತಿಯೊಂದು ದಿನಕ್ಕೂ ಅರ್ಧ ದಿನದ ಸಾಂದರ್ಭಿಕ ರಜೆಯನ್ನು ಕಳೆಯತಕ್ಕದ್ದು. ಆದರೆ ಒಂದು ಗಂಟೆಯ ಒಳಗಿನ ತಡವನ್ನು, ತಿಂಗಳಿಗೆ ಎರಡು ಸಲಕ್ಕೆ ಮೀರದಂತೆ, ಸಮರ್ಥನೀಯವಾದ ಕಾರಣವಿದ್ದಲ್ಲಿ, ಸಕ್ಷಮ ಅಧಿಕಾರಿಯು ಮನ್ನಾ ಮಾಡಬಹುದು. ಬೇಗ ಎದ್ದು ಹೋಗುವುದಕ್ಕೂ ಇದೇ ನ್ಯಾಯ. ಸಾಂದರ್ಭಿಕ ರಜೆಯು ತೀರಿಹೋಗಿದ್ದರೆ ಗಳಿಕೆ ರಜೆಗೆ ಕೈಹಚ್ಚಬಹುದು. ತಡವೇ ಅಭ್ಯಾಸವಾದವರ ಮೇಲೆ ಶಿಸ್ತಿನ ಕ್ರಮವನ್ನೂ ಜರುಗಿಸಬಹುದು. ಈ ನಿಯಮವನ್ನು ಇಲಾಖೆಯು 2024ರ ಜೂನ್ ತಿಂಗಳಲ್ಲಿ ಮತ್ತೊಮ್ಮೆ ಎಲ್ಲ ಕಚೇರಿಗಳಿಗೂ ಜ್ಞಾಪಿಸಿತು.

ಈ ನಿಯಮವು ಕ್ರೂರವಾದದ್ದೆಂದು ನಾವು ಹೇಳಲಾರೆವು. ದೂರದ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದು ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ರೈತನಿಗೆ, ಕಿಟಕಿಯ ಒಳಗಿನ ಕುರ್ಚಿಯು ಬರಿದಾಗಿರಬಾರದೆಂದು ಕೇಳುವ ಹಕ್ಕುಂಟು. ಆತನ ಕೂಲಿಯ ದಿನವನ್ನು ಯಾರೂ ಮನ್ನಾ ಮಾಡುವುದಿಲ್ಲ. ನಮ್ಮ ದೂರು ಇರುವುದು ನಿಯಮದ ಕಟ್ಟುನಿಟ್ಟಿನ ಮೇಲಲ್ಲ, ಅದು ಹೇಳದೆ ಬಿಟ್ಟ ಮಾತಿನ ಮೇಲೆ. ತಡವಾಗಿ ಬಂದವನನ್ನು ಕ್ಷಮಿಸುವ ದಾರಿಯನ್ನು ಅದು ತೋರಿಸುತ್ತದೆ. ತಡವಾಗಿ ಬಾರದೆಯೇ ಯಂತ್ರದ ಲೆಕ್ಕದಲ್ಲಿ ತಡವಾದವನ ಗತಿಯೇನೆಂಬುದನ್ನು ಆಯಾ ಕಚೇರಿಯ ಸೂಚನಾಪತ್ರವೇ ಹೇಳಬೇಕು. ಹಲವು ಪತ್ರಗಳು ಅದನ್ನು ಹೇಳುವುದಿಲ್ಲ. ಎಲ್ಲ ಅರ್ಜಿಗಳಿಗೂ ಒಂದೇ ನಮೂನೆ, ಒಂದೇ ದಾರಿ, ಒಂದೇ ಹೆಸರು: ಹಾಜರಿಯ ಸಕ್ರಮ. ಕ್ಷಮೆ ಬೇಡುವವನೂ ತಪ್ಪು ಲೆಕ್ಕವನ್ನು ತಿದ್ದಿರೆಂದು ಕೇಳುವವನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಿದೆ. ಅನ್ಯಾಯದ ಬೀಜವು ಇಲ್ಲಿದೆ.

ಇದು ಹೇಗೆ ಫಲಿಸುತ್ತದೆಂಬುದನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ತುಮಕೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಬಂದುಹೋಗುವ ಗುಮಾಸ್ತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಆತನ ಕಚೇರಿಯ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 5-30ರವರೆಗೆ. ಕಚೇರಿಯ ಸೂಚನೆಯಂತೆ 10 ನಿಮಿಷದ ರಿಯಾಯಿತಿಯುಂಟು. ತಿಂಗಳ 3ನೆಯ ತಾರೀಖು ಆತನು 9-08ಕ್ಕೆ ಬೆರಳಿಟ್ಟನು. ಇದು ರಿಯಾಯಿತಿಯ ಒಳಗೇ ಇರುವುದರಿಂದ ಪ್ರಶ್ನೆಯಿಲ್ಲ. 6ನೆಯ ತಾರೀಖು ರೈಲು ತಡವಾಗಿ 9-35 ಆಯಿತು. 11ನೆಯ ತಾರೀಖು ಆತನು 8-56ಕ್ಕೇ ಬಂದಿದ್ದರೂ ಯಂತ್ರವು ಆತನ ಬೆರಳನ್ನು ಒಪ್ಪಲಿಲ್ಲ. ಹಲವು ಸಲ ಪ್ರಯತ್ನಿಸಿ, ಕಡೆಗೆ ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಹೋದನು. ಯಂತ್ರದ ಲೆಕ್ಕದಲ್ಲಿ ಆ ದಿನದ ಆಗಮನವೇ ಇಲ್ಲ, ಸಂಜೆಯ ನಿರ್ಗಮನ ಮಾತ್ರ ಇದೆ. 17ನೆಯ ತಾರೀಖು ಮನೆಯಲ್ಲಿ ಮಗುವಿಗೆ ಜ್ವರ ಬಂದು 9-50 ಆಯಿತು. 20ನೆಯ ತಾರೀಖು ಮೇಲಧಿಕಾರಿಯ ಅಪ್ಪಣೆಯಂತೆ ಮನೆಯಿಂದ ನೇರವಾಗಿ ನ್ಯಾಯಾಲಯಕ್ಕೆ ಕಡತವೊಂದನ್ನು ಒಯ್ದು, ಅಲ್ಲಿಂದ 11-40ಕ್ಕೆ ಕಚೇರಿಗೆ ಬಂದನು. 26ನೆಯ ತಾರೀಖು, ಇದು ಆತನ ತಪ್ಪೇ, 9-25 ಆಯಿತು.

ಐದು ದಿನಗಳಿಗೂ ಆತನು ಅರ್ಜಿ ಕೊಡುತ್ತಾನೆ. ಎಲ್ಲವೂ ಒಂದೇ ರಾಶಿಗೆ ಬಿದ್ದರೆ ಏನಾಗುತ್ತದೆ? ತಿಂಗಳಿಗೆ ಎರಡು ಸಲ ಎಂಬ ಮಿತಿಯನ್ನು ತಾರೀಖಿನ ಕ್ರಮದಲ್ಲಿ ಎಣಿಸುವ ಗುಮಾಸ್ತೆಯು 6 ಮತ್ತು 11ನೆಯ ತಾರೀಖುಗಳನ್ನು ಮನ್ನಾ ಮಾಡಿ ಖಾತೆಯನ್ನು ಮುಚ್ಚುತ್ತಾಳೆ. 17ಕ್ಕೆ ಮನ್ನಾ ಉಳಿದಿಲ್ಲ. 20ನೆಯ ತಾರೀಖಿನ ತಡವು ಒಂದು ಗಂಟೆಯನ್ನು ಮೀರಿರುವುದರಿಂದ ಅದಕ್ಕೆ ಮನ್ನಾ ಸಲ್ಲುವುದೇ ಇಲ್ಲ. 26 ಹೇಗೂ ಹೋಯಿತು. ಒಟ್ಟು ಮೂರು ಅರ್ಧ ದಿನ, ಅಂದರೆ ಒಂದೂವರೆ ದಿನದ ರಜೆಯು ನಷ್ಟ. ಇದೇ ತಿಂಗಳನ್ನು ನ್ಯಾಯವಾಗಿ ಎಣಿಸಿ ನೋಡಿರಿ. 11 ಮತ್ತು 20ನೆಯ ತಾರೀಖುಗಳಲ್ಲಿ ಆತನು ತಡವಾಗಿ ಬಂದೇ ಇಲ್ಲ: ಒಂದರಲ್ಲಿ ಯಂತ್ರವು ಸೋತಿತು, ಇನ್ನೊಂದರಲ್ಲಿ ಆತನು ಸರ್ಕಾರದ ಕೆಲಸದಲ್ಲಿಯೇ ಇದ್ದನು. ಇವು ಮನ್ನಾದ ಲೆಕ್ಕಕ್ಕೆ ಸೇರಬಾರದು, ಹಾಜರಿಪಟ್ಟಿಯಲ್ಲಿ ತಿದ್ದಲ್ಪಡಬೇಕು. ಮಿಕ್ಕ ಮೂರು ನಿಜವಾದ ತಡಗಳಲ್ಲಿ 6 ಮತ್ತು 17 ಮನ್ನಾಕ್ಕೆ ಅರ್ಹ. 26ಕ್ಕೆ ಅರ್ಧ ದಿನ ಹೋಗಲಿ. ಆತನೂ ಅದನ್ನು ಅನ್ಯಾಯವೆನ್ನಲಾರನು.

ಎರಡು ಲೆಕ್ಕಗಳಿಗಿರುವ ಅಂತರವು ಒಂದು ತಿಂಗಳಿಗೆ ಒಂದು ದಿನ. ಕೇಂದ್ರದ ನೌಕರನಿಗೆ ವರ್ಷಕ್ಕೆ ದೊರೆಯುವ ಸಾಂದರ್ಭಿಕ ರಜೆಯು 8 ದಿನ ಮಾತ್ರ. ಅರ್ಧ ದಿನದಂತೆ ಹೋದರೆ ವರ್ಷದ ಕೊನೆಗೆ ಎರಡು ದಿನವಾದರೂ ಉಳಿಯುತ್ತದೆ. ಒಂದೂವರೆ ದಿನದಂತೆ ಹೋದರೆ ಆರನೆಯ ತಿಂಗಳಿನಲ್ಲಿಯೇ ಖಾತೆಯು ಬರಿದಾಗಿ, ಮುಂದಿನ ಜ್ವರಕ್ಕೂ ಮದುವೆಗೂ ಸಾವಿಗೂ ಗಳಿಕೆ ರಜೆಯನ್ನೇ ಕರಗಿಸಬೇಕಾಗುತ್ತದೆ. ಇದಕ್ಕಿಂತ ಕೆಟ್ಟ ಪರಿಣಾಮವೊಂದುಂಟು. ತಪ್ಪಿಲ್ಲದವನಿಗೂ ತಪ್ಪಿದ್ದವನಿಗೂ ಒಂದೇ ದಂಡವೆಂದು ಕಂಡ ಮೇಲೆ, ಹೊತ್ತಿಗೆ ಬರುವುದರಲ್ಲಿ ಏನು ಲಾಭವೆಂಬ ಭಾವನೆಯು ಕಚೇರಿಯಲ್ಲಿ ಬೇರೂರುತ್ತದೆ.

ಆದ್ದರಿಂದ ಸೂಚನಾಪತ್ರವು ಮೊದಲು ಮಾಡಬೇಕಾದ ಕೆಲಸವೆಂದರೆ ಎರಡು ಪ್ರತ್ಯೇಕ ನಮೂನೆಗಳನ್ನು ಇಡುವುದು. ಒಂದು ತಿದ್ದುಪಡಿಯದು, ಒಂದು ಮನ್ನಾದ್ದು. ತಿದ್ದುಪಡಿಯು ಸಾಕ್ಷ್ಯದ ವಿಷಯ: ಯಂತ್ರದ ಉಸ್ತುವಾರಿಯವನ ದಾಖಲೆ, ಬಾಗಿಲಿನ ಪುಸ್ತಕದ ಸಹಿ, ಹೊರಗೆಲಸಕ್ಕೆ ಮೊದಲೇ ಕೊಟ್ಟ ಲಿಖಿತ ಅಪ್ಪಣೆ. ಸಾಕ್ಷ್ಯವಿದ್ದರೆ ತಿದ್ದಲೇಬೇಕು, ಇಲ್ಲದಿದ್ದರೆ ತಿದ್ದಬಾರದು. ಅದರಲ್ಲಿ ಅಧಿಕಾರಿಯ ದಯೆಗೆ ಎಡೆಯಿಲ್ಲ, ಸಂಖ್ಯೆಗೆ ಮಿತಿಯೂ ಇರಬಾರದು. ಮನ್ನಾವು ವಿವೇಚನೆಯ ವಿಷಯ. ಅದಕ್ಕೆ ಕಾರಣವು ಬೇಕು, ಮಿತಿಯು ಬೇಕು, ಮತ್ತು ಕೊಡುವವನ ಸಹಿಯೊಡನೆ ಆತನ ಹೊಣೆಯೂ ಬೇಕು.

ಯಂತ್ರವು ಸೋಲುವುದೆಂದರೆ ಏನೆಂಬುದನ್ನು ಅಧಿಕಾರಿಗಳು ತಿಳಿದಿರುವುದು ಅಗತ್ಯ. ಇಲ್ಲದಿದ್ದರೆ ಪ್ರತಿಯೊಂದು ದೂರೂ ನೆಪವಾಗಿ ಕಾಣುತ್ತದೆ. ವಯಸ್ಸಾದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಸುಣ್ಣ, ಸಿಮೆಂಟು, ಸೋಪಿನ ನೀರುಗಳಲ್ಲಿ ಕೈಯಾಡಿಸುವವರ ಗೆರೆಗಳೂ ಹಾಗೆಯೇ. ಚಳಿಗಾಲದಲ್ಲಿ ಒಣಗಿದ ಬೆರಳನ್ನು ಗಾಜು ಸರಿಯಾಗಿ ಓದುವುದಿಲ್ಲ. ಆಧಾರ್ ಪದ್ಧತಿಯಲ್ಲಿ ಬೆರಳಚ್ಚು ದೂರದ ಸರ್ವರಿಗೆ ಹೋಗಿ ಹೋಲಿಸಲ್ಪಟ್ಟು ಉತ್ತರ ಬರಬೇಕಾದುದರಿಂದ, ಸಂಪರ್ಕವು ಕಡಿದುಹೋದ ಹೊತ್ತಿನಲ್ಲಿ ಒಳ್ಳೆಯ ಬೆರಳೂ ನಿಷ್ಪ್ರಯೋಜಕ. ತನ್ನೊಳಗೇ ಗಡಿಯಾರವನ್ನೂ ಬೆರಳಚ್ಚುಗಳನ್ನೂ ಇಟ್ಟುಕೊಂಡಿರುವ ಖಾಸಗಿ ಕಾರ್ಖಾನೆಯ ಯಂತ್ರಗಳಿಗೆ ಬೇರೊಂದು ರೋಗವುಂಟು: ಅದರ ಗಡಿಯಾರವು ಮೆಲ್ಲಮೆಲ್ಲನೆ ಮುಂದಕ್ಕೋ ಹಿಂದಕ್ಕೋ ಸರಿದು, ಯಾರ ಗಮನಕ್ಕೂ ಬಾರದೆ ಐದಾರು ನಿಮಿಷಗಳ ಅಂತರವನ್ನು ಮಾಡಿಕೊಳ್ಳಬಹುದು. ರಾತ್ರಿ ಪಾಳಿಯವನು ಬೆಳಿಗ್ಗೆ ಹೋಗುವಾಗ ಇಟ್ಟ ಬೆರಳನ್ನು ಮರುದಿನದ ಆಗಮನವೆಂದು ಲೆಕ್ಕಹಾಕುವ ಯಂತ್ರಗಳೂ ಉಂಟು.

ನಿಜವಾದ ಸೋಲನ್ನು ನೆಪದಿಂದ ಬೇರ್ಪಡಿಸುವುದು ಕಷ್ಟವಲ್ಲ. ಸಂಪರ್ಕವು ಹೋದರೆ ಒಬ್ಬನಿಗಲ್ಲ, ಆ ಹೊತ್ತಿನಲ್ಲಿ ಆ ಯಂತ್ರಕ್ಕೆ ಬಂದ ಎಲ್ಲರಿಗೂ ಹೋಗುತ್ತದೆ. ಗಡಿಯಾರವು ಸರಿದಿದ್ದರೆ ಒಂದು ಬಾಗಿಲಿನವರೆಲ್ಲರೂ ಇನ್ನೊಂದು ಬಾಗಿಲಿನವರಿಗಿಂತ ಅಷ್ಟೇ ನಿಮಿಷ ತಡವಾಗಿ ಕಾಣುತ್ತಾರೆ. ಬೆರಳು ಸವೆದವನಿಗೆ ತಿಂಗಳಲ್ಲಿ ಹಲವು ದಿನ, ಆಗಮನದಲ್ಲಿಯೂ ನಿರ್ಗಮನದಲ್ಲಿಯೂ ತೊಂದರೆಯಾಗುತ್ತದೆ. ಅಂಥವನಿಗೆ ಬೇರೆ ಬೆರಳನ್ನು ಮತ್ತೆ ದಾಖಲಿಸಬೇಕು, ಅಥವಾ ಕಣ್ಣಿನ ಪಾಪೆಯ ಇಲ್ಲವೇ ಮುಖದ ಗುರುತನ್ನು ಬಳಸಬೇಕು. ಮುಖದ ಗುರುತು ಕೇಂದ್ರದ ಪದ್ಧತಿಯಲ್ಲಿ ಈಗ ಮೊಬೈಲಿನಲ್ಲಿಯೇ ದೊರೆಯುತ್ತದೆ. ತಡವಾದ ಬೆಳಗಿನಲ್ಲಿ ಮಾತ್ರ ಬೆರಳು ಕೈಕೊಟ್ಟು, ಸಂಜೆಯಲ್ಲಿ ಎಂದೂ ಕೈಕೊಡದ ನೌಕರನನ್ನು ಮಾತ್ರ ಪ್ರಶ್ನಿಸಬೇಕು.

ಇನ್ನು ರಿಯಾಯಿತಿಯ ಸಮಯ. ಇದನ್ನು ಅನೇಕರು ಕಚೇರಿಯ ಹೊತ್ತೇ 10 ನಿಮಿಷ ಮುಂದಕ್ಕೆ ಹೋಯಿತೆಂದು ತಿಳಿದಿದ್ದಾರೆ. ಹಾಗಲ್ಲ. ಕಚೇರಿಯು 9ಕ್ಕೇ ಆರಂಭ. ರಿಯಾಯಿತಿಯು ಬಾಗಿಲಿನಲ್ಲಿ ಆಗುವ ಸಣ್ಣ ಅಡಚಣೆಗೆ ಬಿಟ್ಟ ಜಾಗ. 9-11ಕ್ಕೆ ಬಂದವನ ತಡವು ಒಂದು ನಿಮಿಷವಲ್ಲ, 11 ನಿಮಿಷ. ಮನ್ನಾದ ಒಂದು ಗಂಟೆಯೂ 9ರಿಂದಲೇ ಎಣಿಕೆಯಾಗಿ 10ಕ್ಕೆ ಮುಗಿಯಬೇಕು. ಇದನ್ನು ಪತ್ರದಲ್ಲಿ ಬರೆಯದಿದ್ದರೆ ಒಂದು ವಿಭಾಗವು ಒಂದು ಬಗೆಯಾಗಿಯೂ ಮತ್ತೊಂದು ಇನ್ನೊಂದು ಬಗೆಯಾಗಿಯೂ ಎಣಿಸುವುದು ಖಂಡಿತ. ದಿನವೂ 10 ನಿಮಿಷವನ್ನು ಪೂರ್ತಿ ಬಳಸಿಕೊಳ್ಳುವವನು 22 ದಿನಗಳ ತಿಂಗಳಲ್ಲಿ 3 ಗಂಟೆ 40 ನಿಮಿಷವನ್ನು ಸಾರ್ವಜನಿಕರಿಂದ ಕಸಿದಂತಾಯಿತು. ಆದುದರಿಂದ ದಿನಕ್ಕೆ 10 ನಿಮಿಷವಾದರೂ ತಿಂಗಳಿಗೆ ಒಟ್ಟು 60 ನಿಮಿಷಕ್ಕೆ ಮೀರಬಾರದೆಂದು ಗೆರೆ ಎಳೆಯುವುದು ಯೋಗ್ಯ.

ಆದರೆ ಗೆರೆ ಎಳೆಯುವ ಮುನ್ನ ಅಧಿಕಾರಿಗಳು ತಮ್ಮ ಬಾಗಿಲನ್ನು ಅಳೆಯಲಿ. 240 ಜನರಿರುವ ಕಚೇರಿಯಲ್ಲಿ ಎರಡು ಯಂತ್ರಗಳಿದ್ದು, ಒಬ್ಬೊಬ್ಬನಿಗೆ 8 ಸೆಕೆಂಡು ಹಿಡಿಯುವುದೆನ್ನೋಣ. ಒಂದು ಯಂತ್ರದ ಮುಂದೆ 120 ಜನ. 120 ಸಲ 8 ಸೆಕೆಂಡೆಂದರೆ 16 ನಿಮಿಷ. ಎಲ್ಲರೂ 8-55ಕ್ಕೇ ಬಂದು ಸಾಲುಗಟ್ಟಿದರೂ ಕಡೆಯವನ ಬೆರಳು ಯಂತ್ರವನ್ನು ಮುಟ್ಟುವಾಗ 9-11 ಆಗಿರುತ್ತದೆ. ಐದು ನಿಮಿಷ ಮುಂಚಿತವಾಗಿ ಬಂದ ಮನುಷ್ಯನು 10 ನಿಮಿಷದ ರಿಯಾಯಿತಿಯನ್ನೂ ಕಳೆದುಕೊಂಡು ತಡವಾದವರ ಪಟ್ಟಿಗೆ ಸೇರುತ್ತಾನೆ! ನಾಲ್ಕು ಯಂತ್ರಗಳಿದ್ದರೆ ಸಾಲು 8 ನಿಮಿಷಕ್ಕೆ ಕರಗಿ, ಕಡೆಯವನು 9-03ಕ್ಕೆ ಒಳಗಿರುತ್ತಾನೆ. ಯಂತ್ರದ ಬೆಲೆಯನ್ನು ಉಳಿಸಿ ನೌಕರನ ರಜೆಯಿಂದ ಅದನ್ನು ವಸೂಲು ಮಾಡುವುದು ಮಿತವ್ಯಯವಲ್ಲ.

ಕೊನೆಯದಾಗಿ ಒಪ್ಪಿಗೆಯ ಕ್ರಮ. ಹೆಚ್ಚಿನ ಅನ್ಯಾಯವು ನಡೆಯುವುದು ನಿರಾಕರಣೆಯಿಂದಲ್ಲ, ಮೌನದಿಂದ. ನೌಕರನು ಅರ್ಜಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿರುತ್ತಾನೆ. ಮೇಲಧಿಕಾರಿಯು ಪ್ರವಾಸದಲ್ಲಿರುತ್ತಾನೆ, ಇಲ್ಲವೇ ಮರೆತಿರುತ್ತಾನೆ. ಲೆಕ್ಕ ಮುಚ್ಚುವ ದಿನವು ಬರುತ್ತದೆ. ಒಪ್ಪಿಗೆಯಿಲ್ಲದ ಅರ್ಜಿಯನ್ನು ಗಣಕವು ತಿರಸ್ಕೃತವೆಂದು ಎಣಿಸಿ ಅರ್ಧ ದಿನವನ್ನು ಕಳೆಯುತ್ತದೆ. ಅಧಿಕಾರಿಯ ಆಲಸ್ಯಕ್ಕೆ ಗುಮಾಸ್ತನು ದಂಡ ತೆರುತ್ತಾನೆ. ಇದನ್ನು ತಡೆಯಲು ಅವಧಿಯು ಎರಡು ಕಡೆಗೂ ಇರಬೇಕು. ನೌಕರನು ಮೂರು ಕೆಲಸದ ದಿನಗಳೊಳಗೆ ಅರ್ಜಿ ಕೊಡಲಿ. ಅಧಿಕಾರಿಯು ಮೂರು ಕೆಲಸದ ದಿನಗಳೊಳಗೆ ಉತ್ತರ ಕೊಡಲಿ. ಕೊಡದಿದ್ದರೆ ಅರ್ಜಿಯು ತಾನಾಗಿ ಅವರ ಮೇಲಿನವರ ಮೇಜಿಗೆ ಹೋಗಲಿ. ತೀರ್ಮಾನವಾಗದೆ ಉಳಿದ ಅರ್ಜಿಯ ದಿನಕ್ಕೆ ರಜೆಯನ್ನು ಕಳೆಯಬಾರದು. ನಿರಾಕರಿಸುವವರು ಒಂದು ಸಾಲಿನ ಕಾರಣವನ್ನು ಬರೆಯಬೇಕು. ಯಾವ ಅಧಿಕಾರಿಯೂ ತನ್ನ ತಡವನ್ನು ತಾನೇ ಮನ್ನಾ ಮಾಡಿಕೊಳ್ಳಬಾರದು.

ಅತಿ ಉದಾರತೆಯೂ ಒಂದು ರೋಗವೇ. ಎಲ್ಲವನ್ನೂ ಒಪ್ಪಿಬಿಡುವ ವಿಭಾಗವನ್ನು ಗುರುತಿಸುವ ಲಕ್ಷಣಗಳು ಸ್ಪಷ್ಟವಾಗಿವೆ: ಇಡೀ ತಿಂಗಳ ಅರ್ಜಿಗಳು ಲೆಕ್ಕ ಮುಚ್ಚುವ ಹಿಂದಿನ ಸಂಜೆ ಒಂದೇ ನಿಮಿಷದಲ್ಲಿ ಒಪ್ಪಲ್ಪಟ್ಟಿರುತ್ತವೆ; ಕಾರಣದ ಅಂಕಣದಲ್ಲಿ ಒಂದೇ ಮಾತು ಸಾಲುಸಾಲಾಗಿ ಪುನರಾವೃತ್ತವಾಗಿರುತ್ತದೆ; ಅದೇ ಕೆಲವರು ಪ್ರತಿ ತಿಂಗಳೂ ಸರಿಯಾಗಿ ಎರಡು ಮನ್ನಾಗಳನ್ನು ಪಡೆದಿರುತ್ತಾರೆ. ಪ್ರತಿಯೊಂದು ವಿಭಾಗದಲ್ಲಿ ಎಷ್ಟು ತಿದ್ದುಪಡಿ, ಎಷ್ಟು ಮನ್ನಾ, ಎಷ್ಟು ನಿರಾಕರಣೆ ಎಂಬ ಮೂರು ಸಂಖ್ಯೆಗಳನ್ನು, ಹೆಸರುಗಳಿಲ್ಲದೆ, ತಿಂಗಳಿಗೊಮ್ಮೆ ಹಲಗೆಯ ಮೇಲೆ ಹಾಕಿದರೆ ಪಕ್ಷಪಾತವೂ ಆಲಸ್ಯವೂ ತಾವಾಗಿ ಬಯಲಿಗೆ ಬರುತ್ತವೆ.

ಖಾಸಗಿ ಕಾರ್ಖಾನೆ, ಅಂಗಡಿ, ಕಂಪೆನಿಗಳ ಒಡೆಯರಿಗೆ ಇಲ್ಲಿ ಒಂದು ಮಾತನ್ನು ಸೇರಿಸಬೇಕಾಗಿದೆ. ಸರ್ಕಾರಿ ಕಚೇರಿಯಲ್ಲಿ ಕಳೆಯುವುದು ರಜೆಯನ್ನು. ಇವರಲ್ಲಿ ಹಲವರು ಕೈಹಾಕುವುದು ಸಂಬಳಕ್ಕೇ. ಗೈರುಹಾಜರಿಗಾಗಿ ಹಿಡಿಯುವ ಹಣವು ಗೈರುಹಾಜರಾದ ಅವಧಿಯ ಪ್ರಮಾಣವನ್ನು ಮೀರಬಾರದೆಂಬುದು 1936ರ ವೇತನ ಪಾವತಿ ಕಾಯಿದೆಯು ಹಾಕಿಕೊಟ್ಟ ತತ್ತ್ವ; 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಹತ್ತು ಅಥವಾ ಹೆಚ್ಚು ಜನರು ಕೂಡಿ ಸೂಚನೆಯಿಲ್ಲದೆ ಕೆಲಸ ಬಿಟ್ಟ ಸಂದರ್ಭಕ್ಕೆ ಮಾತ್ರ ಬೇರೆ ಏರ್ಪಾಡು. ಎಂಟು ಗಂಟೆಯ ದಿನದಲ್ಲಿ 15 ನಿಮಿಷವೆಂದರೆ ದಿನದ 32ನೆಯ ಒಂದು ಪಾಲು. ಅಷ್ಟಕ್ಕೆ ಅರ್ಧ ದಿನದ ಕೂಲಿಯನ್ನು ಹಿಡಿದರೆ ಹದಿನಾರು ಪಟ್ಟು ಹಿಡಿದಂತಾಯಿತು. ಹಲಗೆಗೆ ಅಂಟಿಸಿದ ಸೂಚನಾಪತ್ರವು ಎಷ್ಟು ದೊಡ್ಡ ಅಕ್ಷರದಲ್ಲಿದ್ದರೂ ದೇಶದ ಕಾನೂನಿಗಿಂತ ದೊಡ್ಡದಾಗಲಾರದು.

ಪರರ ಆಳ್ವಿಕೆಯಲ್ಲಿ ದೊರೆಯ ಮುಖವನ್ನು ನೋಡಿ ನಡೆಯುವುದೇ ಕಚೇರಿಯ ನೀತಿಯಾಗಿತ್ತು. ಮುಖ ಪ್ರಸನ್ನವಾಗಿದ್ದರೆ ತಡವೂ ಮಾಫಿ, ಗಂಟಿಕ್ಕಿದ್ದರೆ ಹೊತ್ತಿಗೆ ಬಂದುದೂ ಅಪರಾಧ. 1947ರಲ್ಲಿ ಬಂದ ಸ್ವರಾಜ್ಯವು ಆ ಮುಖದ ಜಾಗದಲ್ಲಿ ನಿಯಮವನ್ನು ಕೂಡಿಸಬೇಕಾಗಿತ್ತು. ಬೆರಳಚ್ಚಿನ ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ, ಜಾತಿ ಗೊತ್ತಿಲ್ಲ, ಸಾಹೇಬನೂ ಜವಾನನೂ ಅದಕ್ಕೆ ಒಂದೇ. ಆದರೆ ಅದರ ಹಿಂದಿನ ಒಪ್ಪಿಗೆಯ ಮೇಜಿನಲ್ಲಿ ಹಳೆಯ ಮುಖವೇ ಕುಳಿತಿದ್ದರೆ ಯಂತ್ರದಿಂದ ಬಂದ ಸಮತೆಯು ಬಾಗಿಲಿನಲ್ಲಿಯೇ ಉಳಿಯುತ್ತದೆ. ಕಚೇರಿಗಳ ಮುಖ್ಯಸ್ಥರು ತಮ್ಮ ತಮ್ಮ ಸೂಚನಾಪತ್ರಗಳನ್ನು ಹಲಗೆಯಿಂದ ಇಳಿಸಿ, ತಿದ್ದುಪಡಿಗೂ ಮನ್ನಾಕ್ಕೂ ನಡುವೆ ಗೆರೆಯನ್ನು ಎಳೆದು, ಒಪ್ಪಿಗೆ ಕೊಡುವವರಿಗೂ ಗಡುವನ್ನು ಬರೆದು ಮತ್ತೆ ಅಂಟಿಸಲಿ. ಹಾಗೆ ಮಾಡಿದ ಕಚೇರಿಗೆ ನೌಕರನು ಹೊತ್ತಿಗೆ ಸರಿಯಾಗಿ ಬರಬೇಕೆಂದು ಕೇಳುವ ನೈತಿಕ ಅಧಿಕಾರವು ಪೂರ್ಣವಾಗಿ ದೊರೆಯುತ್ತದೆ. ಕಿಟಕಿಯ ಮುಂದೆ ಕಾದು ನಿಂತ ಪ್ರಜೆಗೂ ಅದರ ಫಲವು ಮುಟ್ಟುತ್ತದೆ.